ನಾನು ಓದಿ ಹೇಳಿದ ಮೈನಸ್

ರಾಯಚೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಗಣಿತ ಪರೀಕ್ಷೆ. ದೇವದುರ್ಗ ಕಡೆಯ ಕಣ್ಣು ಕಾಣದ ಹುಡುಗಿ ಉತ್ತರ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಬರೆಯುವವರು ಆ ವಿಷಯವನ್ನು ಕಾಲೇಜಿನಲ್ಲಿ ಓದಿರಬಾರದೆಂಬುದು ನಿಯಮ. ಹಾಗಾಗಿ ಹತ್ತನೆಯ ತರಗತಿಯವರೆಗಷ್ಟೇ ಓದಿದ, ಅಕ್ಷರ ದುಂಡಗಿರುವ ಮಾನ್ವಿಯ ಮುದುಕನಾದ ನನ್ನನ್ನು ಕರೆದಿದ್ದರು. ಈ ಪತ್ರಿಕೆ ಪಾಸಾದರೆ ಅವಳ ಪದವಿ ಮುಗಿಯುತ್ತಿತ್ತು.

ಒಂದು ಪ್ರಶ್ನೆ: e ಘಾತ ಮೈನಸ್ x ವರ್ಗವನ್ನು ಸೊನ್ನೆಯಿಂದ ಒಂದರವರೆಗೆ ಅನುಕಲಿಸಬೇಕು, ತಪ್ಪು 0.001ಕ್ಕಿಂತ ಕಡಿಮೆ ಇರಬೇಕು.

"ಇದಕ್ಕ ನೇರ ಸೂತ್ರ ಇಲ್ಲ ಯಪ್ಪಾ. ಸರಣಿ ಬಿಡಿಸಿ ಒಂದೊಂದೇ ಪದ ಅನುಕಲಿಸೂದು," ಎಂದು ಹೇಳುತ್ತಾ ಹೋದಳು. 1 − 1/3 + 1/10 − 1/42 + 1/216.

"ಮುಂದಿನ ಪದ 1/1320, ಅದು 0.001ಕ್ಕಿಂತ ಸಣ್ಣದು. ಪ್ಲಸ್ಸು ಮೈನಸ್ಸು ಒಂದಾದ ಮ್ಯಾಲೆ ಒಂದು ಬರ್ತಾವ, ಪದ ಸಣ್ಣ ಆಗ್ತಾ ಹೋಗ್ತಾವ. ಹಂಗಾಗಿ ತಪ್ಪು ಅದಕ್ಕಿಂತ ಹೆಚ್ಚಾಗಂಗಿಲ್ಲ. ಇಲ್ಲಿಗೆ ಸಾಕು. ಉತ್ತರ 0.7475. ಚಿಹ್ನೆ ಓದ್ರಿ."

1/42ರ ಹಿಂದೆ ನಾನು ಪ್ಲಸ್ ಬರೆದಿದ್ದೆ. ನಾಚಿಕೆಯಾಗಿ "ಮೈನಸ್" ಎಂದೇ ಓದಿದೆ, ಆಮೇಲೆ ತಿದ್ದೋಣವೆಂದುಕೊಂಡು. ಆದರೆ ಮೇಲ್ವಿಚಾರಕರು ಬಂದು ಪಕ್ಕದಲ್ಲೇ ನಿಂತರು. ಅವಳು ಹೇಳದೆ ನಾನು ತಿದ್ದಿದರೆ ನಕಲೆಂದು ಅವಳನ್ನೇ ಎಬ್ಬಿಸಿ ಕಳಿಸುತ್ತಾರೆ.

"ಯವ್ವಾ, ಅಲ್ಲಿ ಪ್ಲಸ್ ಬರ್ದೀನಿ. ಸುಳ್ಳು ಓದಿದೆ."

ಅವಳು ನನ್ನ ಕಡೆ ತಿರುಗಿದಳು.

"ಹೊಡದು ಮೈನಸ್ ಹಾಕ್ರಿ. ಈಗ ಮೊದಲ್ನೇ ಪುಟದಿಂದ ಎಲ್ಲಾ ಓದ್ರಿ."

ಓದಿದೆ. ಬೇರೆ ಒಂದೂ ತಪ್ಪಿರಲಿಲ್ಲ. ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಅವಳಿಗೆ ಚೆನ್ನಾಗಿ ಬರುತ್ತಿದ್ದ ಕೊನೆಯ ಪ್ರಶ್ನೆಯ ಪುಟ ಖಾಲಿಯೇ ಉಳಿಯಿತು. ಫಲಿತಾಂಶ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.