ಮರೆವನ್ನು ಹುಡುಕಿದ ವರ್ಷ

ಇದೆಲ್ಲ ಹೇಗೆ ಶುರುವಾಯಿತು ಎಂದು ಕೇಳಿದರೆ ನನ್ನ ಬಳಿ ಎರಡು ಉತ್ತರಗಳಿವೆ, ಎರಡರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಕಾರ್ಡು ಬರೆಯುತ್ತಿದ್ದಾಗ ಶುರುವಾಯಿತು ಎಂದು ನಾನು ಹೇಳುತ್ತೇನೆ. ಅದಕ್ಕೂ ಮೊದಲೇ, ಶ್ರಾವಣದ ಹೊತ್ತಿಗೇ, ನಾನು ಊಟದ ತಾಟಿನ ಪಕ್ಕ ಫೋನ್ ಇಟ್ಟುಕೊಳ್ಳತೊಡಗಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಅವಳು ಹೇಳಿದ್ದೇ ಸರಿ ಇರಬಹುದು. ಆ ವರ್ಷದ ನನ್ನ ನೆನಪುಗಳನ್ನು ನಾನು ಎಷ್ಟು ಸಲ ಹೊರತೆಗೆದು ತಪಾಸಣೆ ಮಾಡಿದ್ದೇನೆಂದರೆ, ಯಾವುದು ಮೂಲದ್ದು, ಯಾವುದು ಕೈಯಾಡಿಸಿ ಸವೆದದ್ದು ಎಂದು ಈಗ ಹೇಳಲಾರೆ.

ಕಾರ್ಡಿನ ಸಂಗತಿಯಾದರೂ ನಡೆದದ್ದು ಹೌದು. ಬಸವಕಲ್ಯಾಣದ ನಮ್ಮ ಮನೆಗೆ ಮೇಲೊಂದು ಮಹಡಿ ಏರಿಸಿದ್ದೆವು. ಗುರುಪ್ರವೇಶಕ್ಕೆ, ಅಂದರೆ ನಮ್ಮವರ ಗೃಹಪ್ರವೇಶಕ್ಕೆ, ಓಣಿಯವರನ್ನು, ಬೀಗರನ್ನು ಕರೆಯಬೇಕಿತ್ತು. ಹೆಂಡತಿ ಕಾರ್ಡುಗಳ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡುತ್ತಿದ್ದಳು, ನಾನು ಮೇಲೆ ಹೆಸರು ಬರೆಯುತ್ತಿದ್ದೆ. ಎದುರುಮನೆಯ ಮುದುಕರ ಕಾರ್ಡು ಬಂತು. ಮೋರಖಂಡಿಯಿಂದ ಬಂದು ನಮ್ಮ ಓಣಿಯಲ್ಲಿ ಮನೆ ಮಾಡಿದವರು, ಇವತ್ತಿಗೂ ಅಂಗಳದಲ್ಲಿ ಆಡು ಕಟ್ಟುವವರು. ನಾನು ಅವರನ್ನು ದಿನಾ ಮಾತಾಡಿಸುತ್ತೇನೆ. ಪೆನ್ನು ಕಾರ್ಡಿನ ಮೇಲೆ ಇಟ್ಟೆ. ಹೆಸರು ಬರಲಿಲ್ಲ.

ನಾಲಿಗೆಯ ತುದಿಗೆ ಬಂದು ನಿಲ್ಲುವ ಹೆಸರಿನ ಹಾಗೆ ಅಲ್ಲ. ಅಲ್ಲಿ ಏನೂ ಇರಲೇ ಇಲ್ಲ. ಆ ಖಾಲಿ ಜಾಗ ನನ್ನನ್ನು ಹೆದರಿಸಿತು. ಐವತ್ತು ದಾಟಿದ್ದೆ. ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ, ಟಿಪ್ಪಣಿ ಹಿಡಿಯದೆ ಪಾಠ ಮಾಡುತ್ತೇನೆ ಎಂಬುದು ನನ್ನ ಏಕೈಕ ಜಂಬ. ಆ ಕಾರ್ಡನ್ನು ಕಟ್ಟಿನ ಕೆಳಗೆ ಸರಿಸಿ, ಚಹಾ ಕುಡಿದು ಬರುತ್ತೇನೆಂದು ಎದ್ದು ಹೋಗಿ ಫೋನಿನಲ್ಲಿ ಬರೆದೆ: ಪರಿಚಿತರ ಹೆಸರು ಮರೆಯುವುದು, ಕಾರಣ.

ಮೊದಲು ಸಿಕ್ಕ ಬರಹ ಸಮಾಧಾನದ್ದೇ ಆಗಿತ್ತು. ನಿದ್ದೆ ಕಡಿಮೆಯಾದರೆ, ಮನಸ್ಸು ಒತ್ತಡದಲ್ಲಿದ್ದರೆ, ವಯಸ್ಸಾದಂತೆ, ಹೆಸರು ಮರೆಯುವುದು ಸಾಮಾನ್ಯ ಎಂದಿತ್ತು. ಅದನ್ನು ಓದಿದೆನೋ ಕಣ್ಣಾಡಿಸಿದೆನೋ. ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ: ಅಪರೂಪಕ್ಕೆ ಇದು ಮೆದುಳಿನ ಕಾಯಿಲೆಯ ಆರಂಭವೂ ಆಗಿರಬಹುದು. ‘ಅಪರೂಪಕ್ಕೆ’ ಎಂಬ ಪದದ ತೂಕ ಎಷ್ಟೆಂದು ಮಕ್ಕಳಿಗೆ ವರ್ಷವರ್ಷವೂ ಕಲಿಸಿದವನು ನಾನು. ನನ್ನ ವಿಷಯಕ್ಕೆ ಬಂದಾಗ ಆ ಪದ ಕಾಣಲೇ ಇಲ್ಲ.

ನಾನು ಒಂದು ಒತ್ತಿದರೆ ಫೋನು ಹತ್ತು ತೋರಿಸಿತು. ಮರೆವಿನ ಬಗ್ಗೆ ಮಾತಾಡುವ ವಿಡಿಯೋಗಳು ಕೇಳದೆಯೇ ಬರತೊಡಗಿದವು. ಯಾರದೋ ಅಪ್ಪ, ಯಾರದೋ ಅತ್ತೆ, ಹೇಗೆ ಶುರುವಾಯಿತು, ಹೇಗೆ ಮುಗಿಯಿತು. ಇಷ್ಟೊಂದು ಜನ ಹೇಳುತ್ತಿದ್ದಾರೆಂದರೆ ಇದು ಎಲ್ಲೆಲ್ಲೂ ಇದೆ ಎನಿಸುತ್ತಿತ್ತು. ನಾನು ನೋಡಿದ್ದನ್ನೇ ಫೋನು ಮತ್ತೆ ಮತ್ತೆ ನನಗೆ ಬಡಿಸುತ್ತಿದೆ ಎನ್ನುವುದು ಗೊತ್ತಿತ್ತು. ಗೊತ್ತಿದ್ದೂ ಉಪಯೋಗಕ್ಕೆ ಬರಲಿಲ್ಲ.

ಆಮೇಲೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳತೊಡಗಿದೆ. ನೂರರಿಂದ ಏಳೇಳು ಕಳೆಯುತ್ತ ಕಾಲೇಜಿಗೆ ನಡೆಯುತ್ತಿದ್ದೆ. ಹತ್ತನೆಯ ತರಗತಿಯ ಗೆಳೆಯರ ಹಾಜರಿ ಪಟ್ಟಿ ಒಪ್ಪಿಸುತ್ತಿದ್ದೆ. ಸರಿಯಾಗಿ ಹೇಳಿದರೆ ಚಹಾ ಆರುವಷ್ಟು ಹೊತ್ತು ನೆಮ್ಮದಿ. ಆಮೇಲೆ ಇನ್ನೊಂದು ಅನುಮಾನ: ಸರಿ ಹೇಳಿದೆ, ಆದರೆ ಮೊದಲಿಗಿಂತ ನಿಧಾನವಾಗಿ ಹೇಳಿದೆನೆ? ನಿಧಾನವಾಗಿ ಹೇಳುವುದರ ಅರ್ಥವೇನೆಂದು ಮತ್ತೆ ಫೋನು. ತಲೆ ಭಾರವಾಯಿತು, ತಲೆಭಾರವನ್ನೂ ಹುಡುಕಿದೆ. ಹೆಂಡತಿಯನ್ನು ಕೇಳುವುದು ಬೇರೆ.

“ಈ ಮಾತು ನಾ ನಿನಗ ಆಗಲೇ ಹೇಳಿದ್ನೇನು?”

“ಇಲ್ರಿ.”

“ಖರೇನ ಇಲ್ಲ?”

“ಮಾತು ಹೇಳಿರಲಿಲ್ಲ. ‘ಆಗಲೇ ಹೇಳಿದ್ನೇನು’ ಅಂತ ಮಾತ್ರ ಮುಂಜಾನಿಂದ ಕೇಳಾಕತ್ತೀರಿ.”

ಮೊದಮೊದಲು ಅವಳು ನಗುತ್ತಿದ್ದಳು. ನಂತರ ನಗುವುದನ್ನು ಬಿಟ್ಟಳು.

ಮಕ್ಕಳೆದುರು ಎಡವಿ ನಗೆಪಾಟಲಾಗುವ ಮೊದಲೇ ಬಿಟ್ಟುಬಿಡುವುದು ಒಳ್ಳೆಯದು ಎಂದು ಸ್ವಯಂ ನಿವೃತ್ತಿಯ ಅರ್ಜಿ ಬರೆದೆ. ಸಹಿ ಹಾಕಿ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಕಲಿಸುವುದೊಂದನ್ನು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅದನ್ನೇ ಕೊಟ್ಟುಬಿಡಲು ಹೊರಟಿದ್ದೆ. ಯಾವುದೋ ವೈದ್ಯರು ಹೇಳಿದ್ದಕ್ಕಲ್ಲ, ಒಬ್ಬ ನೆರೆಯವರ ಹೆಸರು ಬರಲಿಲ್ಲವೆಂದು. ಅರ್ಜಿ ಹೆಂಡತಿಯ ಕೈಗೆ ಸಿಕ್ಕಿತು. ಅವಳು ಬೈಯಲಿಲ್ಲ, ಏನಾಯಿತು ಎಂದು ಕೇಳಿದಳು. ಕಾರ್ಡಿನ ಸಂಗತಿಯನ್ನು ಆಗ ಮೊದಲ ಸಲ ಬಾಯಿಬಿಟ್ಟು ಹೇಳಿದೆ.

“ಎದುರುಮನಿ ಕಾಕಾನ ಹೆಸರಾ?” ಎಂದಳು. “ಅದು ನನಗೂ ಗೊತ್ತಿಲ್ಲ. ನಾನೇ ಆ ಕಾರ್ಡಿನ ಮ್ಯಾಲ ‘ಮೋರಖಂಡಿ ಕಾಕಾ’ ಅಂತ ಬರದು ಕೊಟ್ಟು ಬಂದೀನಿ.”

ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಕಾಕಾ, ಮಾವ, ಅಣ್ಣ, ಅದರ ಹಿಂದೆ ಬೇಕಾದರೆ ಒಂದು ಊರು. ಇಡೀ ಆಯುಷ್ಯ ಹಾಗೆಯೇ ಕಳೆದುಹೋಗುತ್ತದೆ. ಆದರೂ ನಾನು ಒಪ್ಪಲಿಲ್ಲ. ಮೊದಲು ಗೊತ್ತಿತ್ತು, ಈಗ ಹೋಗಿದೆ ಎಂದು ವಾದಿಸಿದೆ. ಅವಳು ಸೆರಗು ಸರಿಮಾಡಿಕೊಂಡು ನನ್ನನ್ನು ಎದುರುಮನೆಗೆ ಎಳೆದುಕೊಂಡೇ ಹೋದಳು. ಕಾಕಾ ಆಡಿಗೆ ಸೊಪ್ಪು ಹಾಕುತ್ತಿದ್ದರು.

“ಕಾಕಾರ, ಇವರಿಗೆ ನಿಮ್ಮ ಹೆಸರು ಎಂದರ ಹೇಳಿದ್ರೇನು?”

“ನನ್ನ ಹೆಸರಾ? ಯಾಕ, ಕೋರ್ಟಿಂದ ಏನರ ಬಂದದೇನು?” ಕಾಕಾ ನನ್ನ ಮುಖ ನೋಡಿದರು. “ಮಾಸ್ತರ ಎಂದು ಕೇಳ್ಯಾರ, ನಾ ಹೇಳಾಕ? ನಮ್ಮ ಮುದುಕಿ ಸುದ್ದಾ ಹೆಸರು ಹಿಡದಿಲ್ಲ, ಸಾಯೋತನಕ. ಆಧಾರ್ ಕಾರ್ಡಿಗೆ ಒಂದು ಹೆಸರದ, ಅದನ್ನ ಯಾರೂ ಕರಿಯಂಗಿಲ್ಲ. ಬೇಕಾದ್ರ ನಿಮಗ ಕೊಡತೀನಿ, ಇಟ್ಕೋರಿ.”

ಹೆಸರು ಹೇಳಿದರು. ನಾನು ಅದನ್ನು ಹಿಂದೆಂದೂ ಕೇಳಿರಲಿಲ್ಲ. ಇಷ್ಟು ದಿನ ನಾನು ಹೆದರಿದ್ದು ನನ್ನಲ್ಲಿ ಎಂದೂ ಇರದಿದ್ದ ಒಂದು ನೆನಪು ಕಳೆದದ್ದಕ್ಕೆ. ನಗು ಬಂತು. ಮೂವರೂ ನಕ್ಕೆವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ದಿನ ಸಂಜೆ ನಾನು ಪಡಸಾಲೆಯಲ್ಲಿ ಕೂತು ಮತ್ತೆ ಫೋನಿನಲ್ಲಿ ಬರೆಯುತ್ತಿದ್ದೆ: ಗೊತ್ತಿಲ್ಲದ್ದನ್ನು ಗೊತ್ತಿತ್ತು ಎಂದುಕೊಳ್ಳುವುದು, ಯಾವ ಕಾಯಿಲೆಯ ಲಕ್ಷಣ? ಹೆಂಡತಿ ಬಂದು ಪಕ್ಕದಲ್ಲಿ ಕೂತು ಅದನ್ನು ಓದಿದಳು.

“ಹೆಸರು ಸಿಕ್ತು,” ಎಂದಳು. “ಆದ್ರೂ ನೀವು ಹುಡಕಾಕತ್ತೀರಿ. ನಿಮಗ ಮರವು ಏನೂ ಇಲ್ರಿ. ಈ ಫಿಕರ್, ಈ ಚಿಂತಿ ಅದ ನೋಡ್ರಿ, ಇದಾ ನಿಮಗ ಆಗಿರೋದು.”

ಈ ಮಾತು ಅವಳದೋ, ಆಮೇಲೆ ಡಾಕ್ಟರು ಹೇಳಿದ್ದನ್ನು ನಾನು ಅವಳ ಬಾಯಲ್ಲಿ ಇಟ್ಟೆನೋ, ಅದೂ ನನಗೆ ಖಾತ್ರಿಯಿಲ್ಲ. ಅವಳು ತನ್ನದೇ ಎನ್ನುತ್ತಾಳೆ.

ಅವಳ ತವರು ಹುಮನಾಬಾದ. ಅಲ್ಲಿ ಅವರ ಮನೆಮಂದಿಯನ್ನೆಲ್ಲ ನೋಡುವ ವಯಸ್ಸಾದ ಡಾಕ್ಟರೊಬ್ಬರಿದ್ದರು. ಬಸವಕಲ್ಯಾಣದಲ್ಲಿ ಯಾವ ದವಾಖಾನೆಯ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇರುತ್ತಾನೆ, ಹಾಗಾಗಿ ಹುಮನಾಬಾದಕ್ಕೆ ಒಪ್ಪಿದೆ. ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

“ನೀವು ಹೇಳ್ರಿ ಅಕ್ಕಾರ. ಇವರು ಗೊತ್ತಿದ್ದ ದಾರಿ ತಪ್ಯಾರೇನು? ಕೇಳಿದ್ದಾ ಕೇಳತಾರ, ಕೇಳೀನಿ ಅನ್ನೋದಾ ಖಬರ್ ಇರಂಗಿಲ್ಲ, ಹಂಗೇನರ? ಬಜಾರದಾಗ ಲೆಕ್ಕ ತಪ್ಪತದೇನು? ಸ್ವಭಾವ ಏನರ ಬದಲಾಗೇದೇನು?”

“ದಾರಿ, ಲೆಕ್ಕ ಎಲ್ಲ ಬರೋಬರಿ ಅದಾವ್ರಿ. ಕೇಳಿದ್ದಾ ಕೇಳತಾರ, ಆದ್ರ ಕೇಳೀನಿ ಅಂತ ಚೆಂದಂಗ ಖಬರ್ ಇರತದ. ಸಿಟ್ಟು ಜರಾ ಜಾಸ್ತಿ ಆಗೇದ.”

ಡಾಕ್ಟರು ನಕ್ಕರು, ಆದರೆ ಪರೀಕ್ಷೆಯನ್ನು ಹಗುರ ಮಾಡಲಿಲ್ಲ. ಕೈಕಾಲು, ಕಣ್ಣು ನೋಡಿದರು. ಕೆಲವು ಪದ ನೆನಪಿಡಲು ಹೇಳಿದರು, ಗಡಿಯಾರದ ಚಿತ್ರ ಬರೆಸಿದರು. ಥೈರಾಯ್ಡು, ಸಕ್ಕರೆ, ವಿಟಮಿನ್ ಬಿ-ಹನ್ನೆರಡು ನೋಡಲು ರಕ್ತ ತೆಗೆಸಿದರು. ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ, ನಿದ್ದೆಗೆಡುವುದೂ ಅದರಲ್ಲೊಂದು ಎಂದರು. ವರದಿ ಬಂದಾಗ ಬಿ-ಹನ್ನೆರಡು ಸ್ವಲ್ಪ ಕಡಿಮೆಯಿತ್ತು, ಗುಳಿಗೆ ಬರೆದರು. ಉಳಿದದ್ದು ಸರಿಯಿತ್ತು. ನಾನು ಗುಳಿಗೆಯ ಹೆಸರು ಹುಡುಕಲು ಫೋನು ತೆಗೆದದ್ದು ಅವರ ಕಣ್ಣಿಗೆ ಬಿತ್ತು.

“ಸರ್, ಗುಳಗಿಯಿಂದ ಬಿ-ಹನ್ನೆರಡು ಏರತದ. ಈ ಹುಡಕೋದು ನಿಂದ್ರಂಗಿಲ್ಲ,” ಎಂದರು. “ದಿನದಾಗ ಎಷ್ಟು ಹೊತ್ತು ಇದರಾಗಾ ಹೋಗತದ, ನಿದ್ದಿ ಹ್ಯಾಂಗದ, ನೀವಾ ನೋಡ್ರಿ. ನೌಕರಿ ಬಿಡೋತನಕ ಬಂದೀರಿ ಅಂದ್ರ ಇದೂ ಒಂದು ಬ್ಯಾನಿನಾ. ಖಾಲಿ ಭ್ರಮಾ ಅಂತ ನಾ ಅನ್ನಂಗಿಲ್ಲ. ನಿಮಗಾಗೋ ಹೆದರಿಕಿ ಖರೇ ಅದ. ಅದಕ್ಕ ದವಾ ಅದ, ಮಾತಿನ ಚಿಕಿತ್ಸಾನೂ ಅದ.”

“ಹಂಗಾದ್ರ ಇನ್ನ ಫೋನ್ ಮುಟ್ಟಲೇಬಾರದೇನ್ರಿ?” ಎಂದು ಕೇಳಿದೆ. ನನ್ನ ದನಿಯಲ್ಲಿ ಕೊಂಕಿತ್ತು.

“ಮುಟ್ರಿ, ಯಾರು ಬ್ಯಾಡಂದಾರ? ಒಮ್ಮೆ ನೋಡ್ರಿ, ಛಲೋ ಜಾಗಾದಾಗ ನೋಡ್ರಿ, ಡಾಕ್ಟರಿಗೆ ಏನು ಕೇಳಬೇಕು ಅನ್ನೋದನ್ನ ನೋಡ್ರಿ. ‘ನನಗ ಏನಾಗೇದ’ ಅಂತ ಅದಕ್ಕ ಕೇಳಬ್ಯಾಡ್ರಿ. ಅದು ನಿಮ್ಮ ನಾಡಿ ಹಿಡದಿಲ್ಲ. ಮತ್ತ ಒಮ್ಮಿಂದೊಮ್ಮೆಲೆ ಮಾತು ತೊದಲಿದ್ರ, ಬಾಯಿ ಸೊಟ್ಟಾದ್ರ, ಒಂದು ಕೈ ಬಿದ್ದಂಗಾದ್ರ, ಹುಡಕೋದು ಇಲ್ಲಾ ಇಲ್ಲ, ಸೀದಾ ದೊಡ್ಡ ದವಾಖಾನಿಗೆ.”

ಬಸವಕಲ್ಯಾಣದ ತಾಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆ ಮನೋವೈದ್ಯರು ಬರುತ್ತಾರೆಂದು ಅವರೇ ಹೇಳಿದ್ದು. ಅಲ್ಲಿಗೆ ಹೋಗಲು ನನಗೆ ನಾಚಿಕೆ ಅಡ್ಡ ಬಂತು. ಹೋದೆ. ನಿರೀಕ್ಷಿಸಿದಂತೆ ಹಳೆಯ ವಿದ್ಯಾರ್ಥಿಯೊಬ್ಬ ಬೆಂಚಿನ ಮೇಲಿದ್ದ. ತಾಯಿಯನ್ನು ತೋರಿಸಲು ಬಂದಿದ್ದ. ನಮಸ್ಕಾರ ಹೇಳಿ ನನಗೆ ಜಾಗ ಬಿಟ್ಟುಕೊಟ್ಟ.

ಮನೋವೈದ್ಯೆ ಗುಳಿಗೆ ಈಗಲೇ ಬೇಡ, ಬೇಕೆನಿಸಿದರೆ ಮುಂದೆ ನೋಡೋಣ ಎಂದರು. ಹುಡುಕಬೇಕೆಂಬ ಚಡಪಡಿಕೆ ಬಂದಾಗ ತಕ್ಷಣ ಮಣಿಯದೆ ಸ್ವಲ್ಪ ಹೊತ್ತು ತಡೆದು ನೋಡಿ, ಅದು ಏರಿ ತಾನಾಗಿಯೇ ಇಳಿಯುತ್ತದೆ ಎಂದರು. ನಾನು ನಂಬಲಿಲ್ಲ. ಆದರೆ ಮೊದಲ ದಿನಗಳ ನರಳಾಟ ಕಳೆದ ಮೇಲೆ ಅದು ನಿಜವಾಗಿಯೂ ಇಳಿಯುತ್ತಿತ್ತು. ಏಳೇಳು ಕಳೆಯುವುದನ್ನು ನಿಲ್ಲಿಸಿದೆ. ಹೆಂಡತಿಗೂ ಒಂದು ಕೆಲಸ ಕೊಟ್ಟಿದ್ದರು: ನನ್ನ ಪ್ರಶ್ನೆಗೆ ಉತ್ತರ ಕೊಡದಿರುವುದು. ನಾನು “ಆಗಲೇ ಹೇಳಿದ್ನೇನು” ಎಂದರೆ ಅವಳು “ಇದು ಫಿಕರ್ ಕೇಳಾಕತ್ತದ, ನೀವಲ್ಲ. ನೀವು ಕೇಳೂದಿದ್ರ ಕೇಳ್ರಿ” ಎನ್ನುತ್ತಿದ್ದಳು. ಮೊದಮೊದಲು ಕ್ರೂರವೆನಿಸಿತು. ಅವಳಿಗೂ ಅದು ಸುಲಭವಿರಲಿಲ್ಲ, ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಪೂರ್ತಿ ಹೋಗಿದೆಯೇ ಎಂದರೆ ಇಲ್ಲ. ಕಳೆದ ಬೇಸಿಗೆಯಲ್ಲಿ ಎದೆಯಲ್ಲೇನೋ ಚುಚ್ಚಿದಾಗ ಕೈ ಫೋನಿಗೆ ಹೋಯಿತು. ಫೋನು ಬಿಟ್ಟು ಡಾಕ್ಟರ ಬಳಿ ಹೋದೆ, ಅವರು ನೋಡಿ ಆಸಿಡಿಟಿ ಎಂದರು. ಮತ್ತೊಮ್ಮೆ ಕೇಳಬೇಕೆನಿಸಿತು, ಕೇಳಲಿಲ್ಲ.

ಅರ್ಜಿ ಕೊಡಲಿಲ್ಲ. ಈಗಲೂ ಟಿಪ್ಪಣಿಯಿಲ್ಲದೆ ಪಾಠ ಮಾಡುತ್ತೇನೆ. ನಡುವೆ ಒಂದು ಪದ ಸಿಗದಿದ್ದರೆ ಮಕ್ಕಳನ್ನೇ ಕೇಳುತ್ತೇನೆ, ಯಾರಾದರೂ ಹೇಳುತ್ತಾರೆ.

ಇದನ್ನು ಬರೆಯಲು ಕೂತಾಗ ಒಂದು ಸಂಗತಿಯನ್ನು ಮಾತ್ರ ಪರಿಶೀಲಿಸಿಕೊಳ್ಳಬೇಕೆನಿಸಿತು. ಭಯದಿಂದಲ್ಲ, ಬರಹಕ್ಕಾಗಿ, ಒಂದೇ ಸಲ. ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಆ ವರ್ಷ ನನ್ನ ಮರೆವಿನ ಬಗ್ಗೆ ಯಾರಾದರೂ ದೂರಿದ್ದರೇ ಎಂದು ಕೇಳಿದೆ. ಅವರು ಯೋಚಿಸಿ, ಮರೆವಿನ ಬಗ್ಗೆ ಒಂದೂ ಬಂದಿರಲಿಲ್ಲ ಎಂದರು. ಬಂದದ್ದು ಒಂದೇ ದೂರು, ಕೊನೆಯ ವರ್ಷದ ಮಕ್ಕಳಿಂದ: ಸರ್ ಪಾಠದ ನಡುವೆ ಫೋನ್ ನೋಡುತ್ತಾರೆ. ಆ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಈಗ ನಮ್ಮಲ್ಲೇ ಅತಿಥಿ ಉಪನ್ಯಾಸಕಿ. ಅವಳನ್ನೂ ಕೇಳಿದೆ. ಹೌದು ಸರ್, ನೋಡುತ್ತಿದ್ದಿರಿ ಎಂದಳು.