ಹಳ್ಳ ಎಷ್ಟು ಕೆಂಪಿತ್ತೋ ಅಷ್ಟೇ

ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯ ಮಹಡಿಯಲ್ಲಿ ಚೈತ್ರಾಳ ಸ್ಟುಡಿಯೋ. ಹತ್ತಿರದ ಮೇಳಿಗೆ ಊರಿನ ಹುಡುಗಿ. ಮದುವೆ, ಗೃಹಪ್ರವೇಶ, ನಾಮಕರಣ ಶೂಟ್ ಮಾಡಿ ಎಡಿಟ್ ಮಾಡುವುದು ಅವಳ ಕಸುಬು. ಹಳ್ಳ ಉಳಿಸಲು ಕಟ್ಟಿಕೊಂಡ ನಮ್ಮ ಸಮಿತಿಯ ಮೆರವಣಿಗೆಗೆ ಒಂದು ದಿನವೂ ಬಂದವಳಲ್ಲ. ಕರೆದರೆ, "ನಂಗೆ ಕೂಗಕ್ಕೆ ಬರಲ್ಲ, ಶೂಟಿಂಗ್ ಇದ್ರೆ ಹೇಳಿ" ಎನ್ನುತ್ತಿದ್ದಳು.

ಹೇಳುವ ಕಾಲ ಬಂತು. ಕೋಣಂದೂರು ಕಡೆಯ ಒಂದು ಕಲ್ಲು ಕ್ವಾರಿ, ಗುಡ್ಡದ ಮಣ್ಣನ್ನು ಹಳ್ಳಕ್ಕೆ ದೂಡುತ್ತಿತ್ತು. ಕೆಳಗಿನ ಕೇರಿಗೆ ಕುಡಿಯಲು ಅದೇ ನೀರು. ಕ್ವಾರಿಯನ್ನು ಇನ್ನೂ ಹಿಗ್ಗಿಸಲು ಅರ್ಜಿ ಬಿದ್ದಿತ್ತು. ಅರ್ಜಿಯ ಬಗ್ಗೆ ಅಹವಾಲು ಕೇಳಲು ಅಧಿಕಾರಿ ಕರೆದ ಹಿಂದಿನ ಸಭೆಯಲ್ಲಿ ನಾವು ತೋರಿಸಿದ ಮೊಬೈಲ್ ಫೋಟೋವನ್ನು ಕ್ವಾರಿಯ ವಕೀಲ "ಇದು ಫಿಲ್ಟರ್ ಸಾರ್" ಎಂದು ಒಂದೇ ಮಾತಿನಲ್ಲಿ ಎತ್ತಿ ಬಿಸಾಕಿದ್ದ. ಮುಂದಿನ ಸಭೆಗೆ ವಿಡಿಯೋ ತರಲು ಅಧಿಕಾರಿ ಒಪ್ಪಿದ್ದರು. ಅದೂ ಬಿದ್ದುಹೋದರೆ ಹಳ್ಳ ಹೋದಂತೆಯೇ.

ಚೈತ್ರಾ ತನ್ನ ಕ್ಯಾಮೆರಾದಲ್ಲಿ ದಡದಿಂದ ತೆಗೆದಳು. ಅಶ್ವಿನ್ ಅನ್ನುವ ಹುಡುಗ ಕ್ವಾರಿಯ ಮೇಲ್ಗಡೆಯಿಂದ ಕೆಳಕೇರಿಯವರೆಗೂ ಹಳ್ಳದ ಮೇಲೆ ಡ್ರೋನ್ ಹಾರಿಸಿದ. ಎರಡರಲ್ಲೂ ಕೆಳಕೇರಿಯ ದುಗ್ಗಮ್ಮ ಬಿಳಿ ಬಕೆಟ್ ಹಿಡಿದು ನೀರಿಗೆ ಇಳಿದಿದ್ದಾಳೆ.

ಎಡಿಟಿಂಗ್ ದಿನ ನಾನು, ದುಗ್ಗಮ್ಮ, ಸಮಿತಿಯ ಹಳಬ ಜಟ್ಟಿಂಗಪ್ಪ ಮಹಡಿ ಹತ್ತಿದೆವು. ಮೊದಲ ಚಿತ್ರ ನೋಡಿಯೇ ಜಟ್ಟಿಂಗಪ್ಪನ ಮುಖ ಹುಳ್ಳಗಾಯಿತು.

"ಇದೆಂತ ಮಾರಾಯ್ತಿ, ಗಂಜಿ ತಿಳಿಯಲ್ಲಿ ಅದ್ದಿ ತೆಗ್ದಂಗಿದೆ? ನೀರೂ ಬೂದಿ, ಗುಡ್ಡನೂ ಬೂದಿ."

"ಇದು ಲಾಗ್ ಜಟ್ಟಿಂಗಪ್ಪಣ್ಣ. ಬಿಸಿಲೂ ಹಾಳಾಗ್ಬಾರ್ದು, ನೆರಳೂ ಹಾಳಾಗ್ಬಾರ್ದು ಅಂತ ಕ್ಯಾಮೆರಾ ಎಲ್ಲಾನೂ ಒತ್ತಿ ತುಂಬ್ಕೊಂಡಿದೆ. ಒತ್ತಿದ ಲೆಕ್ಕದಲ್ಲೇ ಬಿಚ್ಬೇಕು. ಬಣ್ಣ ತಿದ್ದೋದು ಆಮೇಲೆ."

ಯಾವ ಕ್ಯಾಮೆರಾದ ಲಾಗ್, ಅದರ ಬಣ್ಣದ ಹರವು ಯಾವುದು, ಮಾಮೂಲಿ ಟೀವಿಗೆ ಬೇಕಾದದ್ದು ಎಂತದು, ಇಷ್ಟನ್ನು ಸಾಫ್ಟ್‌ವೇರಿಗೆ ಹೇಳಿದಳು. ದಡದ ಚಿತ್ರ ಕಣ್ಣುಬಿಟ್ಟಿತು. ನೀರು ಅಡಿಕೆ ಬೇಯಿಸಿದ ಚೊಗರಿನಂತೆ ಕೆಂಪುಗಂದು. ನಾವು ಕಣ್ಣಾರೆ ಕಂಡ ಹಳ್ಳವೇ.

ಅವಳು ಅದೇ ಸೆಟ್ಟಿಂಗನ್ನು ಉಳಿದ ಎಲ್ಲಾ ತುಣುಕಿಗೂ ಒಟ್ಟಿಗೆ ಅಂಟಿಸಿದಳು. ಒಂದೇ ಕ್ಯಾಮೆರಾದ ಮದುವೆ ಕೆಲಸದಲ್ಲಿ ಬಂದ ಅಭ್ಯಾಸ. ಡ್ರೋನ್ ಚಿತ್ರ ಬಂದಾಗ ಹಳ್ಳ ಓಕುಳಿಯಾಗಿತ್ತು.

ಜಟ್ಟಿಂಗಪ್ಪ ತೊಡೆ ತಟ್ಟಿದ. "ಇದು ನೋಡು! ಇದ್ನೇ ಮೊದ್ಲಿಗೆ ಹಾಕು. ನೋಡಿದವ್ರ ಹೊಟ್ಟೆ ತೊಳಸ್ಬೇಕು."

ದುಗ್ಗಮ್ಮ ಪರದೆಯ ಹತ್ತಿರ ಬಗ್ಗಿದಳು. "ಅಲ್ವೇ ಚೈತ್ರಾ, ನನ್ ಕೈ ಎಂತಕ್ಕೆ ಬೆಂದಂಗಾಗಿದೆ?"

ಚೈತ್ರಾ ಮೌಸ್ ಬಿಟ್ಟು ಹಿಂದೆ ಒರಗಿದಳು. ಬಕೆಟ್ಟಿನ ಅಂಚು ಬಿಳುಪಿನಲ್ಲಿ ಸುಟ್ಟುಹೋಗಿತ್ತು. ಕ್ವಾರಿಗಿಂತ ಮೇಲೆ, ಮರದ ನೆರಳಲ್ಲಿದ್ದ ಹಳ್ಳದ ಗುಂಡಿ ಬರೀ ಕಪ್ಪು.

"ತಪ್ಪು ನಂದು ದೊಡ್ಡಮ್ಮ. ಡ್ರೋನ್ ಒತ್ತೋ ರೀತಿನೇ ಬೇರೆ, ಅಷ್ಟು ಬಿಗಿಯಾಗಿ ಒತ್ತಲ್ಲ. ನನ್ ಕ್ಯಾಮೆರಾದ ಲೆಕ್ಕದಲ್ಲಿ ಬಿಚ್ಬಿಟ್ಟೆ."

"ತಪ್ಪಾದ್ರೂ ನಮ್ ಕಡೆಗೇ ಆಗಿದೆಯಲ್ಲೇ! ಇರ್ಲಿ ಬಿಡು" ಎಂದ ಜಟ್ಟಿಂಗಪ್ಪ. "ಜಾಸ್ತಿ ಅಂದ್ರೆ ಕೆಂಪು ಒಂಚೂರು ಇಳಿಸು."

"ಕೆಂಪು ಇಳಿಸಿದ್ರೆ ಬಕೆಟ್ಟಿನ ಅಂಚು ಬರುತ್ತಾ? ದಡದಿಂದ ಚೊಗರು, ಮೇಲಿಂದ ಓಕುಳಿ. ಒಂದೇ ಹಳ್ಳಕ್ಕೆ ಎರಡು ಬಣ್ಣ. ಆ ವಕೀಲ ಕುರುಡನಾ?"

"ನಿಂಗೆ ಹೋರಾಟ ಗೊತ್ತಿಲ್ಲ ಮಾರಾಯ್ತಿ."

"ನಿಮ್ಗೆ ಎಡಿಟಿಂಗ್ ಗೊತ್ತಿಲ್ಲ. ಸರಿಹೋಯ್ತು."

ಡ್ರೋನ್ ತುಣುಕುಗಳನ್ನು ಬೇರೆ ಮಾಡಿ, ಅದರದೇ ಲಾಗ್ ಆರಿಸಿ ಮತ್ತೆ ಬಿಚ್ಚಿದಳು. ಬಕೆಟ್ಟಿಗೆ ಅಂಚು ಬಂತು, ದುಗ್ಗಮ್ಮನಿಗೆ ಅವಳ ಕೈ ಬಂತು, ನೀರು ಚೊಗರಿಗೆ ಇಳಿಯಿತು. ಉಳಿದ ಸಣ್ಣ ವ್ಯತ್ಯಾಸವನ್ನು ಎರಡೂ ಕಡೆಯ ಬಕೆಟ್ಟಿನ ಬಿಳುಪು ನೋಡಿ ಸರಿದೂಗಿಸಿದಳು. ಜಟ್ಟಿಂಗಪ್ಪ ಟೀ ಕುಡಿಯದೇ ಇಳಿದುಹೋದ.

ಸಭೆಯಲ್ಲಿ ವಕೀಲ ಎದ್ದವನೇ "ಫಿಲ್ಟರ್ ಸಾರ್" ಎಂದ. ಚೈತ್ರಾ ಲ್ಯಾಪ್‌ಟಾಪ್ ತಿರುಗಿಸಿ ಬೂದಿ ಚಿತ್ರ ತೋರಿಸಿದಳು, ಬಿಚ್ಚಿ ತೋರಿಸಿದಳು. ದಡದ್ದು, ಆಮೇಲೆ ಡ್ರೋನಿನದು.

"ಎರಡು ಬೇರೆ ಬೇರೆ ಕ್ಯಾಮೆರಾ ಸಾರ್. ಬಕೆಟ್ ಎರಡರಲ್ಲೂ ಬಿಳಿನೇ ಇದೆ, ನೀರು ಎರಡರಲ್ಲೂ ಒಂದೇ ಇದೆ."

ವಕೀಲ ದಾರಿ ಬದಲಿಸಿದ. "ಮಳೆ ಬಂದ್ರೆ ಮಲ್ನಾಡಲ್ಲಿ ಎಲ್ಲಾ ಹಳ್ಳನೂ ಕೆಂಪೇ ಸಾರ್."

"ಕ್ವಾರಿಗಿಂತ ಮೇಲೆ ಹೇಗಿದೆ?" ಅಧಿಕಾರಿ ಕೇಳಿದರು.

ಅವಳು ಡ್ರೋನ್ ಚಿತ್ರವನ್ನು ಮರದ ನೆರಳಿನ ಗುಂಡಿಯಲ್ಲಿ ನಿಲ್ಲಿಸಿದಳು. ಮೊನ್ನೆ ಕಪ್ಪಾಗಿದ್ದ ಜಾಗ. ಈಗ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು.

ಅರ್ಜಿಗೆ ತಡೆ ಬಿತ್ತು, ಸ್ಥಳ ಪರಿಶೀಲನೆಗೆ ಬರುವ ದಿನವನ್ನೂ ಅಧಿಕಾರಿ ಬರೆಸಿದರು. ಗೆದ್ದೆವು ಅನ್ನುವ ಹಾಗಿಲ್ಲ. ತಡೆಗಳು ತೆರವಾಗಿದ್ದನ್ನು ಬೇಕಾದಷ್ಟು ಕಂಡಿದ್ದೇವೆ.

ಹೊರಗೆ ಜಟ್ಟಿಂಗಪ್ಪ ಬೀಡಿ ಹಚ್ಚಿದ. "ಪರಿಶೀಲನೆಗೆ ನೀನೂ ಬಾರೇ, ಆ ಯಂತ್ರ ತಗಂಡು."

"ಅವತ್ತು ಸಾಗರದಲ್ಲಿ ಮದುವೆ ಇದೆ" ಎಂದಳು ಚೈತ್ರಾ. "ಹಳ್ಳ ಅಲ್ಲೇ ಇರುತ್ತಲ್ಲ, ಅವ್ರ ಕಣ್ಣಿಂದ್ಲೇ ನೋಡ್ಲಿ."