ಬೋಣಿಗೆ ಹೋದ ಮಾದರಿ

ಸೋದರಮಾವನ ಅಂಗಡಿಗೆ ಬೆಳಿಗ್ಗೆ ಬಂದ ಮೊದಲ ಗಿರಾಕಿ ಬರಿಗೈಯಲ್ಲಿ ಹೋಗುವಂತಿಲ್ಲ. ಕೇಳಿದ ಸಾಮಾನು ಇಲ್ಲದಿದ್ದರೆ ಮಾವ ಹತ್ತಿರದ ಇನ್ನೇನನ್ನಾದರೂ ಹುಡುಕಿ, ನಷ್ಟಕ್ಕಾದರೂ ಕೊಟ್ಟು ಬೋಣಿ ಮಾಡಿಯೇ ಕಳಿಸುತ್ತಾನೆ. ದೊಡ್ಡಬಳ್ಳಾಪುರದಲ್ಲಿ ಗೊಬ್ಬರ, ಔಷಧಿ, ಹನಿ ನೀರಾವರಿ ಪೈಪು ಮಾರುವ ಆ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದ ನನಗೆ ಈ ಪದ್ಧತಿ ಮೊದಲಿನಿಂದಲೂ ಗೊತ್ತಿತ್ತು. ಅದು ಚೀನಾದವರೆಗೂ ಕೈಚಾಚಬಲ್ಲದು ಎಂದು ಮಾತ್ರ ಗೊತ್ತಿರಲಿಲ್ಲ.

ಕತ್ತರಿ ತರಿಸುವ ಯೋಚನೆ ನನ್ನದೇ. ನಮ್ಮ ಸುತ್ತಮುತ್ತ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವವರು ಫೆಬ್ರವರಿಯ ಹೂವಿಗೆ ಅಂತ ನವೆಂಬರ್ ಕೊನೆಯಿಂದ ಗಿಡ ಕತ್ತರಿಸಲು ಶುರು ಮಾಡುತ್ತಾರೆ. ಒಳ್ಳೆಯ ಕತ್ತರಿಗೆ ಬೆಂಗಳೂರಿನಲ್ಲಿ ಆರುನೂರು ರೂಪಾಯಿ. ಅಗ್ಗದ್ದು ಒಂದು ವಾರದಲ್ಲಿ ಮೊಂಡಾಗಿ ದಂಟನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಜಜ್ಜಿದ ಜಾಗದಿಂದ ದಂಟು ಕೆಳಕ್ಕೆ ಒಣಗುತ್ತಾ ಬರುತ್ತದೆ. ಐನೂರು ಕತ್ತರಿಗಳನ್ನು ನಾವೇ ನೇರವಾಗಿ ಚೀನಾದ ಕಾರ್ಖಾನೆಯಿಂದ ತರಿಸಿದರೆ ಹೇಗೆ ಎಂದೆ. ಮಾವ ಒಪ್ಪಿದ. ಆಮದಿಗೆ ಬೇಕಾದ ಕೋಡ್ ಮಾಡಿಸಿದೆ, ಮೂರು ಕಾರ್ಖಾನೆಗಳಿಂದ ಮಾದರಿ ತರಿಸಿದೆ. ಒಂದೊಂದರಲ್ಲೂ ಎಷ್ಟು ದಂಟು ಕತ್ತರಿಸಿದ ಮೇಲೆ ಜಜ್ಜಲು ಶುರುವಾಯಿತು ಎಂದು ಪರಿಚಯದ ಬೆಳೆಗಾರರೊಬ್ಬರ ಪಾಲಿಹೌಸ್‌ನಲ್ಲಿ ನಿಂತು ಗೀಟು ಹಾಕಿಕೊಂಡೆ. ಮೊದಲನೆಯದು ಮುನ್ನೂರು ದಾಟಲಿಲ್ಲ. ಎರಡನೆಯದರ ಸ್ಪ್ರಿಂಗ್ ಹಾರಿ ಗುಲಾಬಿ ಮಡಿಯಲ್ಲಿ ಬಿತ್ತು, ಸಿಗಲಿಲ್ಲ. ಮೂರನೆಯದು ಎರಡು ಸಾವಿರ ಕತ್ತರಿಸಿಯೂ ಚೊಕ್ಕವಾಗಿತ್ತು.

ಆ ಮೂರನೆಯ ಕಾರ್ಖಾನೆಗೇ ಆರ್ಡರ್. ಹಿಡಿಯ ಬಣ್ಣ, ಬೀಗದ ಕೊಕ್ಕೆ ಸರಿಪಡಿಸಿ ಅವರು ಒಂದೇ ಥರದ ಎರಡು ಹೊಸ ಮಾದರಿ ಮಾಡಿದರು. ಒಂದು ಅವರ ಬಳಿ ಉಳಿಯಿತು, ಇನ್ನೊಂದು ನನ್ನ ಬಳಿ ಬಂತು. ಈ ವ್ಯಾಪಾರದಲ್ಲಿ ಅದೇ ಸಾಕ್ಷಿ. ಆರ್ಡರಿನಲ್ಲಿ 'ಒಪ್ಪಿದ ಮಾದರಿಯಂತೆ' ಎಂದು ಬರೆದಿರುತ್ತದೆ. ಸರಕು ತಯಾರಾದ ಮೇಲೆ, ಮುಂಗಡ ಕಳೆದು ಉಳಿದ ನೂರಕ್ಕೆ ಎಪ್ಪತ್ತು ಭಾಗ ಹಣ ಕಟ್ಟುವ ಮುಂಚೆ, ಅಲ್ಲಿನ ಒಬ್ಬ ಪರೀಕ್ಷಕರು ಕಾರ್ಖಾನೆಗೆ ಹೋಗಿ ನಮ್ಮ ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರೆ. ಹಣ ಹೋದ ಮೇಲೆ ನಮ್ಮ ಮಾತಿಗೆ ಬೆಲೆಯಿಲ್ಲ. ಹಾಗಾಗಿ ನನ್ನ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅಂಟುಪಟ್ಟಿಯ ಮೇಲೆ ಸಹಿ ಮಾಡಿ, 'ಮಾರಾಟಕ್ಕಿಲ್ಲ' ಎಂದು ಬರೆದು ಅಂಗಡಿಯ ಗಾಜಿನ ಬೀರುವಿನಲ್ಲಿಟ್ಟೆ. ಮನೆಯಲ್ಲಿ ಇಟ್ಟರೆ ಅಮ್ಮ ಕರಿಬೇವು ಕತ್ತರಿಸುತ್ತಾಳೆ ಎಂಬ ಭಯ.

ಈ ನಡುವೆ ಮಾವ ಇನ್ನೊಂದು ಕೆಲಸ ಮಾಡಿದ್ದ. ಕಾರ್ಖಾನೆಯ ದರ ರೂಪಾಯಿಯಲ್ಲಿ ನೂರ ಎಂಬತ್ತು ಎಂದು ನಾನು ಹೇಳಿದ್ದೇ ತಡ, ಬಂದು ಹೋಗುವ ಬೆಳೆಗಾರರಿಗೆಲ್ಲ ಇನ್ನೂರ ಐವತ್ತಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಎಪ್ಪತ್ತು ರೂಪಾಯಿ ಲಾಭ, ಇನ್ನೇನು ಬೇಕು ಎಂಬುದು ಅವನ ಲೆಕ್ಕ. ನೂರ ಎಂಬತ್ತು ಅವರ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ದರ ಎಂದು ವಿವರಿಸಿದೆ. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಬೇಕು. ಅಷ್ಟರ ಮೇಲೆ ಸುಂಕ, ಸುಂಕದ ಮೇಲೆ ಸರ್ಚಾರ್ಜು. ನಮ್ಮದು ಅರ್ಧ ಘನ ಮೀಟರೂ ಇಲ್ಲ, ಆದರೂ ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಬರುವಾಗ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಕಟ್ಟಲೇಬೇಕು. ಇಲ್ಲಿ ಇಳಿದ ಮೇಲೆ ಗೋದಾಮು, ಕಸ್ಟಮ್ಸ್ ಏಜೆಂಟ್, ಲಾರಿ. ಬ್ಯಾಂಕಿನವರ ಶುಲ್ಕ, ಮಾದರಿಗಳ ಕೊರಿಯರ್, ಪರೀಕ್ಷಕರ ಫೀಸು. ಎಲ್ಲ ಕೂಡಿಸಿ ಐನೂರರಿಂದ ಭಾಗಿಸಿದರೆ ಕತ್ತರಿ ನಮ್ಮ ಅಂಗಡಿ ಬಾಗಿಲಿಗೆ ಬಂದು ಬೀಳುವ ಹೊತ್ತಿಗೆ ಮುನ್ನೂರ ಎರಡು ರೂಪಾಯಿ.

ಮಾವ ಲೆಕ್ಕದ ಕಾಗದವನ್ನು ತಿರುವಿ ಹಿಂಭಾಗ ನೋಡಿದ. ಅಲ್ಲೇನೂ ಇರಲಿಲ್ಲ.

"ಸಾವಿರ ತರ್ಸಿದ್ರೆ ಕಮ್ಮಿ ಆಗ್ತದಾ?" ಎಂದ.

"ಆಗ್ತದೆ ಮಾವ. ಸಾವಿರ ಯಾರು ತಗೋತಾರೆ?"

"ಅದು ಬೇರೆ ಮಾತು" ಎಂದು ಎದ್ದು ಹೋದ.

ಅಕ್ಟೋಬರಿನಲ್ಲಿ ಚೀನಾದವರ ವಾರದ ರಾಷ್ಟ್ರೀಯ ರಜೆ ಮುಗಿದು, ಸರಕು ತಯಾರಾಗಿದೆ, ಬಾಕಿ ಕಟ್ಟಿ ಎಂದು ಕಾರ್ಖಾನೆಯ ಹುಡುಗಿಯ ಸಂದೇಶ ಬಂತು. ಪ್ರತಿ ಸಂದೇಶದಲ್ಲೂ ಅವಳು ನನ್ನನ್ನು 'ಡಿಯರ್' ಎನ್ನುತ್ತಿದ್ದಳು, ತಡವಾದಾಗಲೂ, ತಪ್ಪಾದಾಗಲೂ. ಪರೀಕ್ಷಕರನ್ನು ಗೊತ್ತು ಮಾಡಿ, ಮಾದರಿ ಕೊರಿಯರ್ ಮಾಡೋಣವೆಂದು ಬೀರು ತೆಗೆದರೆ ಆ ಜಾಗದಲ್ಲಿ ಇಲಿ ಪಾಷಾಣದ ಡಬ್ಬ ಕೂತಿತ್ತು.

"ಅದಾ? ಕೊಟ್ಬಿಟ್ಟೆ ಕಣಮ್ಮ" ಎಂದ ಮಾವ. "ಬೋಣಿ ಟೈಮು. ರಾಜಘಟ್ಟದ ಕಡೆಯೋರು, ಕತ್ತರಿ ಬೇಕು ಅಂದ್ರು. ಬೇರೆ ಯಾವ್ದೂ ಇರ್ಲಿಲ್ಲ. ಶುಕ್ರವಾರ ಬೇರೆ."

"ಮಾರಾಟಕ್ಕಿಲ್ಲ ಅಂತ ಬರ್ದಿದ್ದೆ."

"ಓದ್ದೆ. ಬೋಣಿಗೆ ಅದು ಲೆಕ್ಕಕ್ಕೆ ಬರಲ್ಲ."

ಎಷ್ಟಕ್ಕೆ ಕೊಟ್ಟ ಎಂದು ನಾನು ಕೇಳಲೇಬಾರದಿತ್ತು. ಇನ್ನೂರ ಐವತ್ತಕ್ಕೆ. ಕೊರಿಯರ್ ಸೇರಿ ಆ ಒಂದು ಕತ್ತರಿಗೇ ನನಗೆ ಎರಡು ಸಾವಿರ ಬಿದ್ದಿತ್ತು.

ಅವತ್ತೇ ಮಧ್ಯಾಹ್ನ ಮಾವನ ಸ್ಕೂಟರಿನಲ್ಲಿ ಇಬ್ಬರೂ ರಾಜಘಟ್ಟದ ಕಡೆ ಹೊರಟೆವು. ಬೆಳೆಗಾರರು ಮಾವನಿಗಿಂತ ಹಿರಿಯರು. ಪಾಲಿಹೌಸ್ ಬಾಗಿಲಲ್ಲೇ ಸಿಕ್ಕರು. ನಮ್ಮ ಕತ್ತರಿ ಅವರ ಸೊಂಟದ ಟವೆಲ್ಲಿಗೆ ಸಿಕ್ಕಿಕೊಂಡಿತ್ತು. ಹಿಡಿಯ ಮೇಲೆ ದಂಟಿನ ರಸ ಕಪ್ಪಗೆ ಅಂಟಿತ್ತು, ಅಲಗನ್ನು ಒಂದು ಸಲ ಕಲ್ಲಿಗೆ ಮಸೆದಿದ್ದರು. ವಿಷಯ ಹೇಳಿದೆ. ಅವರು ತಕ್ಷಣ ಕತ್ತರಿ ತೆಗೆದು ಮಾವನ ಕಡೆ ಚಾಚಿದರು. ಮಾವ ಕೈ ಹಿಂದಕ್ಕೆ ಕಟ್ಟಿಕೊಂಡ.

ಬೋಣಿಗೆ ಹೋದ ಸಾಮಾನು ಅಂಗಡಿಗೆ ವಾಪಸ್ ಬರಬಾರದಂತೆ. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಚೀನಾದಲ್ಲಿ ಐನೂರು ಕತ್ತರಿ ಪೆಟ್ಟಿಗೆ ಸೇರಿ ಕೂತಿವೆ, ಅವು ಚೆನ್ನಾಗಿವೆಯೋ ಇಲ್ಲವೋ ಹೇಳಬಲ್ಲ ಒಂದೇ ಒಂದು ವಸ್ತು ನನ್ನ ಎದುರಿಗಿದೆ, ಅದನ್ನು ಮಾವ ಮುಟ್ಟಲಾರ.

ಬೆಳೆಗಾರರು ಅವನನ್ನು ನೋಡಿ ನಕ್ಕರು. "ಏನಪ್ಪಾ ಸಾವ್ಕಾರ, ನಿನ್ ಬೋಣಿ ನಿನ್ಗೇ ಕಚ್ತಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ತಗೋ ಮಗ. ಅಂಗ್ಡಿಗಲ್ಲ, ನಿನ್ಗೆ ಕೊಡ್ತಿರೋದು. ಅಂಗ್ಡಿ ಒಳೀಕೆ ತಗೊಂಡೋಗ್ಬೇಡ, ನಿಮ್ ಮಾವ ನಿದ್ದೆ ಮಾಡಲ್ಲ. ಆದ್ರೆ ನವೆಂಬರ್ ಕೊನೇಗೆ ನನ್ಗೊಂದು ಕತ್ತರಿ ಬೇಕು. ಜಜ್ಜೋದು ತಂದ್ರೆ ನಿಮ್ಮಂಗ್ಡಿ ಕಡೆ ತಲೆ ಹಾಕಿ ಮಲ್ಗಲ್ಲ."

ಅವರು ತಮಾಷೆಗೆ ಹೇಳಿದರೂ ಮಾವನ ಮುಖ ಇಳಿಯಿತು. ಅವನು ಮಾತು ಕೊಟ್ಟ ಬೆಳೆಗಾರರೆಲ್ಲ ವರ್ಷವಿಡೀ ಗೊಬ್ಬರಕ್ಕೆ ನಮ್ಮಲ್ಲಿಗೇ ಬರುವವರು. ಕತ್ತರಿ ಕೆಟ್ಟರೆ ಅಂಗಡಿಯ ಹೆಸರೇ ಕೆಡುತ್ತಿತ್ತು.

ಚೀಲ ಹರಿದು, ಸಹಿ ಹೋಗಿ, ಮಸೆದ ಕತ್ತರಿಯನ್ನು ಒಪ್ಪಿದ ಮಾದರಿ ಎಂದು ಯಾರೂ ನಂಬುವುದಿಲ್ಲ. ಆದರೆ ಬಳಸಿದ ಮಾತ್ರಕ್ಕೆ ಉಕ್ಕಿನ ಗಡಸುತನ ಬದಲಾಗುವುದಿಲ್ಲ. ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿರುವ ಕಾಲೇಜಿನ ಗೆಳತಿಗೆ ಫೋನ್ ಮಾಡಿದೆ. ಮಾರನೆಯ ದಿನ ದೇವನಹಳ್ಳಿ ಮೇಲೆ ಎರಡು ಬಸ್ಸು ಬದಲಾಯಿಸಿ ಹೋದೆ. ಅವಳು ಮೇಲಿನವರನ್ನು ಕೇಳಿ, ಅಲಗನ್ನು ಬಿಚ್ಚಿ ಗಡಸುತನ ಅಳೆಯುವ ಯಂತ್ರದ ಕೆಳಗಿಟ್ಟಳು. ಮೂರು ಕಡೆ ಒತ್ತಿ ನೋಡಿದಾಗ ಐವತ್ತೈದು, ಐವತ್ತಾರು, ಐವತ್ತೈದು. ಸಂಖ್ಯೆ ಹೆಚ್ಚಿದ್ದಷ್ಟೂ ಅಲಗು ತಡವಾಗಿ ಮೊಂಡಾಗುತ್ತದೆ. ಅದನ್ನು ನೋಡಿ, "ಇಷ್ಟು ದಿನ ಈ ನಂಬರ್ ಬರ್ದಿಡದೆ ಏನ್ ಮಾಡ್ತಿದ್ದೆ ಲೇ? ದಂಟು ಎಣಿಸ್ತಿದ್ಯಾ?" ಎಂದಳು. ದಂಟು ಎಣಿಸುತ್ತಿದ್ದವಳು ಆ ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಬರೆಸಿಕೊಂಡೆ.

ಆ ಅಳತೆಯ ಪಟ್ಟಿ, ಮೊದಲು ತೆಗೆದಿಟ್ಟಿದ್ದ ಫೋಟೋಗಳು, ಕತ್ತರಿ ಮೂರನ್ನೂ ಪರೀಕ್ಷಕರಿಗೆ ಕಳಿಸಿದೆ. ಅವರು ವಾಡಿಕೆಯಂತೆ ಐನೂರರಲ್ಲಿ ಐವತ್ತನ್ನು ಬೇರೆ ಬೇರೆ ಪೆಟ್ಟಿಗೆಗಳಿಂದ ಆರಿಸಿದರು. ಬಣ್ಣ, ಸ್ಪ್ರಿಂಗ್, ಕೊಕ್ಕೆ ಎಲ್ಲ ಸರಿಯಿತ್ತು. ಅದರಲ್ಲಿ ಎಂಟರ ಗಡಸುತನ ಅಳೆಸಿದಾಗ ಆರರಲ್ಲಿ ನಲವತ್ತೇಳರ ಆಸುಪಾಸು. ನೋಡಲು ಒಂದೇ ಥರ, ವಾರದೊಳಗೆ ದಂಟು ಜಜ್ಜುವ ಅಲಗು.

ಆಮೇಲಿನ ಸಂದೇಶಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ನಿಮ್ಮ ಮಾದರಿ ಬಳಸಿದ್ದು ಡಿಯರ್, ಒಪ್ಪಲಾಗುವುದಿಲ್ಲ ಡಿಯರ್. ಹಾಗಾದರೆ ನಿಮ್ಮ ಬಳಿ ಇರುವ ಜೋಡಿಯನ್ನು ಅಳೆಯಿರಿ ಎಂದೆ. ಅದು ಸಿಗುತ್ತಿಲ್ಲ ಡಿಯರ್. ಅಲ್ಲಿಯೂ ಯಾವುದೋ ಮಾವ ಬೋಣಿ ಮಾಡಿರಬೇಕು ಎಂದುಕೊಂಡೆ. ಬಾಕಿ ಹಣ ನಮ್ಮ ಕೈಯಲ್ಲಿದ್ದುದರಿಂದ ಮಾತು ಮುಂದುವರಿಯಿತು. ಕೊನೆಗೆ ಐವತ್ತೆರಡಕ್ಕಿಂತ ಕಡಿಮೆ ಇರಬಾರದೆಂದು ಬರೆಸಿಕೊಂಡೆ. ಅವರು ಐನೂರೂ ಅಲಗು ಬದಲಾಯಿಸಲು ಒಪ್ಪಿದರು. ಎರಡನೆಯ ಪರೀಕ್ಷೆಯ ಫೀಸು ನಮ್ಮ ತಲೆಗೆ. ಅದರಲ್ಲಿ ಎಂಟಕ್ಕೆ ಎಂಟೂ ಪಾಸಾದ ಮೇಲೆಯೇ ಬಾಕಿ ಕಟ್ಟಿದೆ.

ಸರಕು ನವೆಂಬರ್ ಕೊನೆಯ ವಾರ ಬಂತು. ಹೊಸ ಲೆಕ್ಕದಲ್ಲಿ ಒಂದಕ್ಕೆ ಮುನ್ನೂರ ಇಪ್ಪತ್ತು. ಮಾವ ಕಾಗದವನ್ನು ಈ ಸಲ ತಿರುವಲಿಲ್ಲ. ಮಾತು ಕೊಟ್ಟವರಿಗೆಲ್ಲ ಇನ್ನೂರ ಐವತ್ತಕ್ಕೇ ಕೊಟ್ಟ, ಉಳಿದವರಿಗೆ ನಾನೂರು ಹೇಳಿದ. ಪೆಟ್ಟಿಗೆ ಒಡೆದ ದಿನ ಮೊದಲ ಕತ್ತರಿಯನ್ನು ರಾಜಘಟ್ಟದವರಿಗೆ ತಾನೇ ಒಯ್ದು ಕೊಟ್ಟು ಬಂದ, ದುಡ್ಡು ತೆಗೆದುಕೊಳ್ಳಲಿಲ್ಲ. ಜನವರಿಯಲ್ಲಿ ಅವರು ಅಂಗಡಿಗೆ ಬಂದು ಕತ್ತರಿಯ ಬಗ್ಗೆ ಒಂದು ಮಾತೂ ಆಡದೆ ಎರಡು ಮೂಟೆ ಗೊಬ್ಬರ ಒಯ್ದರು. ಅದೇ ಉತ್ತರ.

ಈಗ ಆರ್ಡರಿನಲ್ಲಿ ಗಡಸುತನದ ಸಂಖ್ಯೆ ಬರೆಯುತ್ತೇನೆ. ಒಪ್ಪಿದ ಮಾದರಿಯನ್ನು ಎರಡರ ಬದಲು ಮೂರು ಮಾಡಿಸುತ್ತೇನೆ: ಕಾರ್ಖಾನೆಗೊಂದು, ನನ್ನ ಮನೆಯ ಕಬ್ಬಿಣದ ಬೀರುವಿಗೊಂದು, ಅಂಗಡಿಯ ಗಾಜಿನ ಬೀರುವಿಗೊಂದು. ಆ ಮೂರನೆಯದರ ಮೇಲೆ 'ಮಾರಾಟಕ್ಕಿಲ್ಲ' ಎಂದು ಬರೆಯುವುದಿಲ್ಲ. ಲೆಕ್ಕ ಹಾಕುವಾಗ ಹಡಗಿನ ಬಾಡಿಗೆ, ವಿಮೆ, ಸುಂಕಗಳ ಕೆಳಗೆ 'ಬೋಣಿ' ಎಂದು ಒಂದು ಸಾಲು ಸೇರಿಸುತ್ತೇನೆ. ನಮ್ಮ ಆಡಿಟರು ಅದೇನೆಂದು ಎರಡು ಸಲ ಕೇಳಿದ್ದಾರೆ.